ಸೈಕಲ್, ಮನಿಯಾರ್ಡರ್, ನೋಟ್‌ಬುಕ್, ಪತ್ರ: ಜಗತ್ತಿನ ಸಿನಿಮಾಕ್ಕೆ ನಾಲ್ಕು ಬಾಗಿಲು

ಲಂಡನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಜಗತ್ತಿನ ಅತ್ಯುತ್ತಮ ಸಿನಿಮಾಗಳ ಪಟ್ಟಿಯೊಂದನ್ನು ಮಾಡುತ್ತದೆ. 2022ರ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಶಾಂತಾಲ್ ಅಕರ್‌ಮನ್ ಅವರ 'ಜಾನ್ ಡೀಲ್ಮನ್' ಚಿತ್ರಕ್ಕೆ. ಮೂರು ಗಂಟೆ ಇಪ್ಪತ್ತು ನಿಮಿಷದ ಚಿತ್ರ ಅದು. ಒಬ್ಬ ಹೆಂಗಸು ಆಲೂಗಡ್ಡೆ ಸುಲಿಯುವುದನ್ನು, ಹಾಸಿಗೆ ಸರಿಮಾಡುವುದನ್ನು ಅವಸರವಿಲ್ಲದೆ ತೋರಿಸುತ್ತದೆ. ದೊಡ್ಡ ಚಿತ್ರವೇ ಸರಿ. ಆದರೆ ಶನಿವಾರ ರಾತ್ರಿ ಆಫೀಸಿನ ದಣಿವಿನಲ್ಲಿ, 'ಇವತ್ತಿನಿಂದ ವಿಶ್ವ ಸಿನಿಮಾ ನೋಡಬೇಕು' ಎಂದು ನಿರ್ಧರಿಸಿ ಈ ಪಟ್ಟಿಯ ಮೊದಲ ಚಿತ್ರ ಹಾಕಿಕೊಂಡವರು ಅರ್ಧ ಗಂಟೆಗೆ ನಿದ್ದೆ ಹೋಗಿ, 'ಇದು ನಮಗಲ್ಲ' ಎಂದು ತೀರ್ಮಾನಿಸಿದರೆ ತಪ್ಪು ಅವರದಲ್ಲ. ಅವರು ಹೊಕ್ಕ ಬಾಗಿಲು ಸರಿಯಿರಲಿಲ್ಲ, ಅಷ್ಟೇ.

ಇದೇ ಪತ್ರಿಕೆ ಇಂಥ ಪಟ್ಟಿಯನ್ನು ಮೊದಲು ಮಾಡಿದ್ದು 1952ರಲ್ಲಿ. ಆಗ ಮೊದಲ ಸ್ಥಾನದಲ್ಲಿದ್ದ ಚಿತ್ರವನ್ನು ಅಕ್ಷರ ಬಾರದವರೂ ಮಕ್ಕಳೂ ಕೂತು ನೋಡಬಹುದು. ಒಬ್ಬನ ಸೈಕಲ್ ಕಳುವಾಗುತ್ತದೆ, ಅವನು ಅದನ್ನು ಹುಡುಕುತ್ತಾನೆ. ಕಥೆ ಇಷ್ಟೇ. ಆ ಸೈಕಲ್ಲಿನ ಜಾಡು ಹಿಡಿದು ಹೊರಟರೆ ಐವತ್ತು ವರ್ಷಗಳಲ್ಲಿ ನಾಲ್ಕು ಖಂಡಗಳನ್ನು ದಾಟಬಹುದು. ರೋಮ್‌ನ ಸೈಕಲ್, ಡಕಾರ್‌ನ ಮನಿಯಾರ್ಡರ್, ಇರಾನಿನ ಹಳ್ಳಿಯ ಒಂದು ನೋಟ್‌ಬುಕ್, ಬ್ರೆಜಿಲ್‌ನ ಒಂದು ಪತ್ರ. ನಾಲ್ಕೂ ಕೈಯಲ್ಲಿ ಹಿಡಿಯಬಹುದಾದ ಸಾಮಾನ್ಯ ವಸ್ತುಗಳು, ನಾಲ್ಕೂ ಎರಡು ಗಂಟೆಯೊಳಗೆ ಮುಗಿಯುವ ಚಿತ್ರಗಳು. ಈ ಲೇಖನ ಆ ಜಾಡಿನ ಕಥೆ.

ರೋಮ್, 1948

ವಿತ್ತೋರಿಯೊ ಡಿ ಸಿಕಾ ಅವರ 'ಸೈಕಲ್ ಕಳ್ಳರು' (ನಾವು 'ಬೈಸಿಕಲ್ ಥೀವ್ಸ್' ಎಂದು ಕೇಳಿರುವುದು ಇದನ್ನೇ) ತೆರೆಗೆ ಬಂದಾಗ ಎರಡನೇ ಮಹಾಯುದ್ಧ ಮುಗಿದು ಮೂರು ವರ್ಷವಾಗಿತ್ತು. ಇಟಲಿಯಲ್ಲಿ ಕೆಲಸವಿರಲಿಲ್ಲ. ಬಹಳ ದಿನದಿಂದ ನಿರುದ್ಯೋಗಿಯಾಗಿದ್ದ ಆಂತೋನಿಯೊಗೆ ಗೋಡೆಗಳಿಗೆ ಪೋಸ್ಟರ್ ಹಚ್ಚುವ ಕೆಲಸ ಸಿಗುತ್ತದೆ. ಷರತ್ತು ಒಂದೇ, ಸ್ವಂತ ಸೈಕಲ್ ಇರಬೇಕು. ಅವನ ಸೈಕಲ್ ಗಿರವಿ ಅಂಗಡಿಯಲ್ಲಿದೆ. ಹೆಂಡತಿ ಮರಿಯಾ ಮಾತಾಡದೆ ಹಾಸಿಗೆಯ ಹೊದಿಕೆಗಳನ್ನೆಲ್ಲ ಎಳೆದು, ಒಗೆದು, ಗಂಟು ಕಟ್ಟಿ ಗಿರವಿಗೆ ಒಯ್ಯುತ್ತಾಳೆ. ಗುಮಾಸ್ತ ಆ ಗಂಟನ್ನು ಒಳಗೆ ಒಯ್ದು ಇಡುವಾಗ ಕ್ಯಾಮೆರಾ ಹಿಂದೆಯೇ ನೋಡುತ್ತದೆ. ಆಳೆತ್ತರವನ್ನೂ ಮೀರಿ ಮೇಲೇರುವ ಕಪಾಟುಗಳ ತುಂಬ ಬೇರೆ ಬೇರೆ ಮನೆಗಳ ಹೊದಿಕೆಯ ಗಂಟುಗಳು. ಇಟಲಿಯ ಸ್ಥಿತಿಯ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ಆ ಕಪಾಟು ಸಾಕು.

ಕೆಲಸದ ಮೊದಲ ದಿನವೇ, ಆಂತೋನಿಯೊ ಏಣಿ ಹತ್ತಿ ಹಾಲಿವುಡ್ ತಾರೆ ರೀಟಾ ಹೇವರ್ತ್‌ಳ ಪೋಸ್ಟರ್ ಹಚ್ಚುತ್ತಿರುವಾಗ ಸೈಕಲ್ ಕಳುವಾಗುತ್ತದೆ. ಮುಂದಿನದು ಅಪ್ಪ ಮತ್ತು ಚಿಕ್ಕ ಮಗ ಬ್ರೂನೋ ರೋಮ್‌ನಲ್ಲಿ ನಡೆಯುವ ಕಥೆ.

ಈ ಚಿತ್ರವನ್ನು ನೋಡುವಾಗ ಒಂದು ಸಣ್ಣ ಕೆಲಸ ಮಾಡಿ. ಅಪ್ಪ ಮಗ ಬಡಿಯುವ ಬಾಗಿಲುಗಳನ್ನು ಒಂದು ಹಾಳೆಯ ಮೇಲೆ ಬರೆಯುತ್ತ ಹೋಗಿ. ಮೊದಲು ಪೊಲೀಸ್ ಠಾಣೆ: ದೂರು ಬರೆದುಕೊಂಡು, ಹುಡುಕುವ ಕೆಲಸವನ್ನು ಅವನಿಗೇ ಬಿಡುತ್ತಾರೆ. ಆಮೇಲೆ ಕಾರ್ಮಿಕರು ಸೇರುವ ಜಾಗ: ಅಲ್ಲಿ ಒಂದು ಕಡೆ ಸಭೆ, ಇನ್ನೊಂದು ಕಡೆ ಹಾಡಿನ ತಾಲೀಮು, ಒಬ್ಬ ಗೆಳೆಯ ಜೊತೆಗೆ ಹುಡುಕಲು ಬರುತ್ತಾನೆ. ಹಳೇ ಸಾಮಾನಿನ ಸಂತೆ: ಸೈಕಲ್ಲುಗಳನ್ನು ಬಿಡಿಬಿಡಿಯಾಗಿ ಮಾರುತ್ತಾರೆ, ತನ್ನ ಸೈಕಲ್ಲಿನ ಗಂಟೆ ಯಾವುದು ಎಂದು ಗುರುತಿಸುವುದು ಹೇಗೆ? ಚರ್ಚು: ಬಡವರಿಗೆ ಪ್ರಾರ್ಥನೆ ಮುಗಿದ ಮೇಲೆಯೇ ಊಟ, ಮಧ್ಯದಲ್ಲಿ ಮಾತಾಡಿದರೆ ಗದರಿಕೆ. ಕೊನೆಗೆ ಭವಿಷ್ಯ ಹೇಳುವವಳು: ಹೆಂಡತಿ ಅವಳ ಹತ್ತಿರ ಹೋದಾಗ ಆಂತೋನಿಯೊ ನಕ್ಕಿದ್ದ, ಈಗ ತಾನೇ ಹೋಗಿ ಕೂರುತ್ತಾನೆ. ಬೇಗ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ ಎಂಬರ್ಥದ ಮಾತಿಗೆ ದುಡ್ಡು ಕೊಟ್ಟು ಬರುತ್ತಾನೆ.

ಈ ಪಟ್ಟಿಯಲ್ಲಿ ಕೆಟ್ಟವರು ಯಾರೂ ಇಲ್ಲ ಎನ್ನುವುದನ್ನು ಗಮನಿಸಿ. ಪೊಲೀಸನವನಿಗೆ ಬೇರೆ ಕೆಲಸವಿದೆ, ಚರ್ಚಿನವರು ನಿಜಕ್ಕೂ ಊಟ ಹಾಕುತ್ತಿದ್ದಾರೆ. ಆದರೂ ಒಬ್ಬ ಮನುಷ್ಯನ ಒಂದು ಸೈಕಲ್ಲಿಗೆ ಎಲ್ಲೂ ಜಾಗವಿಲ್ಲ. ಒಂದು ಊರಿನ ವ್ಯವಸ್ಥೆ ಹೇಗಿದೆ ಎಂಬುದನ್ನು ಖಳನಾಯಕನಿಲ್ಲದೆ ಹೇಳುವ ದಾರಿಯೊಂದು ಇಲ್ಲಿ ಸಿಕ್ಕಿತು. ಮುಂದೆ ಬೇರೆ ಖಂಡಗಳಿಗೆ ಹೋದದ್ದು ಮುಖ್ಯವಾಗಿ ಈ ದಾರಿ.

ಆಂತೋನಿಯೊ ಪಾತ್ರ ಮಾಡಿದ ಲಾಂಬೆರ್ತೊ ಮಾಜ್ಜೊರಾನಿ ನಟನಲ್ಲ, ಕಾರ್ಖಾನೆಯ ಕಾರ್ಮಿಕ. ಅಮೆರಿಕದ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ದುಡ್ಡು ಹಾಕಲು ಮುಂದೆ ಬಂದಿದ್ದರು, ಆದರೆ ನಾಯಕನಾಗಿ ಕ್ಯಾರಿ ಗ್ರಾಂಟ್ ಇರಬೇಕೆಂದರು. ಡಿ ಸಿಕಾ ಒಪ್ಪಲಿಲ್ಲ. ಫ್ರೆಂಚ್ ವಿಮರ್ಶಕ ಆಂದ್ರೆ ಬಾಜಾನ್ ಬರೆದಿರುವಂತೆ, ಹುಡುಗನನ್ನು ಆರಿಸುವಾಗ ಡಿ ಸಿಕಾ ನಟನೆಯನ್ನು ಪರೀಕ್ಷಿಸಲಿಲ್ಲ, ನಡಿಗೆಯನ್ನು ಪರೀಕ್ಷಿಸಿದರು. ಉದ್ದ ಕಾಲಿನ ಅಪ್ಪನ ಪಕ್ಕದಲ್ಲಿ ಓಡುತ್ತ ನಡೆಯುವ ಪುಟ್ಟ ಹೆಜ್ಜೆ ಬೇಕಿತ್ತು ಅವರಿಗೆ. ಚಿತ್ರದ ಉದ್ದಕ್ಕೂ ಮಗ ಅಪ್ಪನ ಮುಂದಿದ್ದಾನೋ, ಪಕ್ಕದಲ್ಲೋ, ಹಿಂದೆಯೋ ಎಂದು ನೋಡುತ್ತಿದ್ದರೆ ಅವರಿಬ್ಬರ ಮಧ್ಯೆ ಆ ಹೊತ್ತಿಗೆ ಏನಾಗಿದೆ ಎಂದು ಗೊತ್ತಾಗುತ್ತದೆ.

ಬೀದಿಯಲ್ಲಿ ತೆಗೆದದ್ದೆಂದರೆ ಕ್ಯಾಮೆರಾ ಹಿಡಿದು ಸುಮ್ಮನೆ ಹೊರಟದ್ದೆಂದು ಭಾವಿಸಬಾರದು. ಸಂತೆಯ ದೃಶ್ಯದಲ್ಲಿ ಸುರಿಯುವ ಮಳೆ ಅಗ್ನಿಶಾಮಕ ದಳದವರ ಪೈಪಿನಿಂದ ಬಂದದ್ದು. ಅಂದಿನ ಇಟಲಿಯ ರೂಢಿಯಂತೆ ಮಾತುಗಳನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಲಾಯಿತು. ನವವಾಸ್ತವವಾದ ಎಂದು ಕರೆಸಿಕೊಂಡ ಈ ಪಂಥದ ಸಹಜತೆಯ ಹಿಂದೆ ತುಂಬಾ ಲೆಕ್ಕಾಚಾರವಿತ್ತು.

ಇನ್ನೊಂದು ವಿಷಯ ಶೀರ್ಷಿಕೆಯದು. ಅಮೆರಿಕದಲ್ಲಿ ಈ ಚಿತ್ರವನ್ನು ಬಹುಕಾಲ 'ದಿ ಬೈಸಿಕಲ್ ಥೀಫ್' ಎಂದು ಏಕವಚನದಲ್ಲಿ ಕರೆದರು. ಇಟಾಲಿಯನ್ನಿನಲ್ಲಿ ಅದು ಬಹುವಚನ, 'ಕಳ್ಳರು'. ಚಿತ್ರದ ಕೊನೆಯ ಹತ್ತು ನಿಮಿಷ ನೋಡಿದವರಿಗೆ ಈ ಒಂದು 'ರು' ಎಷ್ಟು ಭಾರದ್ದು ಎಂದು ತಿಳಿಯುತ್ತದೆ. ಅದನ್ನು ನೋಡಿಯೇ ತಿಳಿಯಬೇಕು.

ಮುಂಬೈಗೆ ಬಂದ ಸೈಕಲ್

1950ರಲ್ಲಿ ಜಾಹೀರಾತು ಕಂಪನಿಯ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದ ಸತ್ಯಜಿತ್ ರಾಯ್ ಅಲ್ಲಿ ಈ ಚಿತ್ರ ನೋಡಿದರು. ತಾರೆಯರಿಲ್ಲದೆ, ಸೆಟ್ಟುಗಳಿಲ್ಲದೆ ಚಿತ್ರ ಮಾಡಬಹುದು ಎಂಬ ಧೈರ್ಯ ಅವರಿಗೆ ಬಂದದ್ದು ಅಲ್ಲಿ. ಐದು ವರ್ಷಕ್ಕೆ 'ಪಥೇರ್ ಪಾಂಚಾಲಿ' ಬಂತು. ಇದು ಹಲವರಿಗೆ ಗೊತ್ತಿರುವ ಕಥೆ. ಅಷ್ಟು ಗೊತ್ತಿಲ್ಲದ ಕಥೆ ನಮ್ಮಲ್ಲಿ ಅನೇಕರು ಈಗ ವಾಸವಿರುವ ಊರುಗಳದು. ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 1952ರ ಜನವರಿ 24ರಂದು ಮುಂಬೈಯಲ್ಲಿ ಆರಂಭವಾಯಿತು, ಅಲ್ಲಿಂದ ಮದರಾಸು, ದೆಹಲಿ, ಕಲ್ಕತ್ತೆಗಳಿಗೂ ಹೋಯಿತು. ಅದರಲ್ಲಿ 'ಸೈಕಲ್ ಕಳ್ಳರು' ಸೇರಿದಂತೆ ಇಟಲಿಯ ಹೊಸ ಚಿತ್ರಗಳಿದ್ದವು. ಅಲ್ಲಿಯವರೆಗೆ ಹೊರದೇಶದ ಸಿನಿಮಾ ಎಂದರೆ ಹಾಲಿವುಡ್ ಎಂದೇ ತಿಳಿದಿದ್ದವರಿಗೆ ಬೇರೆ ರೀತಿಯ ಸಿನಿಮಾ ಕಂಡಿತು. ಮರುವರ್ಷವೇ ಬಂದ ಬಿಮಲ್ ರಾಯ್ ಅವರ 'ದೋ ಬೀಘಾ ಜಮೀನ್' ಚಿತ್ರದಲ್ಲಿ ರೈತನೊಬ್ಬ ಮಗನ ಜೊತೆ ಕಲ್ಕತ್ತೆಗೆ ಬಂದು ರಿಕ್ಷಾ ಎಳೆಯುತ್ತಾನೆ. ಆ ಅಪ್ಪ ಮಗನ ಹಿಂದೆ ರೋಮ್‌ನ ಅಪ್ಪ ಮಗ ಇರುವುದು ಎರಡನ್ನೂ ನೋಡಿದವರ ಕಣ್ಣಿಗೆ ಬೀಳದೆ ಇರದು.

ಡಕಾರ್, 1968

ಆಫ್ರಿಕಾದ ಕಥೆ ಬೇರೆ. ಅಲ್ಲಿ ಬೀದಿಗೆ ಕ್ಯಾಮೆರಾ ತರಲು ಮೊದಲು ಅಪ್ಪಣೆಯೇ ಇರಲಿಲ್ಲ. 1934ರಲ್ಲಿ ಫ್ರೆಂಚ್ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಅದರ ಪ್ರಕಾರ ತನ್ನ ಆಫ್ರಿಕನ್ ವಸಾಹತುಗಳಲ್ಲಿ ಚಿತ್ರ ತೆಗೆಯಬೇಕಾದರೆ ಅಧಿಕಾರಿಗಳ ಅನುಮತಿ ಬೇಕು. ಹಾಗಾಗಿ ಪೌಲಿನ್ ವಿಯೆರಾ ಮತ್ತು ಗೆಳೆಯರು 1955ರಲ್ಲಿ ಆಫ್ರಿಕನ್ನರ ಬಗ್ಗೆ ಕಿರುಚಿತ್ರ ಮಾಡಿದಾಗ ಅದನ್ನು ಪ್ಯಾರಿಸ್ಸಿನಲ್ಲೇ ತೆಗೆದರು. ಚಿತ್ರದ ಹೆಸರೇ 'ಸೇನ್ ನದಿಯ ಮೇಲಿನ ಆಫ್ರಿಕಾ'.

1960ರಲ್ಲಿ ಸೆನೆಗಲ್ ಸ್ವತಂತ್ರವಾಯಿತು. ಉಸ್ಮಾನ್ ಸೆಂಬೆನ್ ಎಂಬ ಲೇಖಕ ಅಷ್ಟು ಹೊತ್ತಿಗೆ ಹೆಸರು ಮಾಡಿದ್ದರು. ಅವರು ಮಾರ್ಸೇಲ್ಸ್ ಬಂದರಿನಲ್ಲಿ ಮೂಟೆ ಹೊತ್ತ ಕೂಲಿ, ಕೆಲಸ ಮಾಡುತ್ತಲೇ ಫ್ರೆಂಚಿನಲ್ಲಿ ಕಾದಂಬರಿ ಬರೆದವರು. ಊರಿಗೆ ಮರಳಿದಾಗ ಅವರಿಗೆ ಒಂದು ಸಂಗತಿ ಚುಚ್ಚಿತು. ತಾನು ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರಲ್ಲಿ ಬಹುಪಾಲು ಜನ ತನ್ನ ಪುಸ್ತಕ ಓದಲಾರರು. ಓದು ಬಾರದು, ಬಂದರೂ ಫ್ರೆಂಚ್ ಬಾರದು. ನಲವತ್ತರ ಆಸುಪಾಸಿನಲ್ಲಿ ಅವರು ಮಾಸ್ಕೋಗೆ ಹೋಗಿ ಸಿನಿಮಾ ಕಲಿತು ಬಂದರು. 1963ರ ಅವರ ಮೊದಲ ಕಿರುಚಿತ್ರ 'ಬೊರೋಮ್ ಸರೆಟ್' ಇಪ್ಪತ್ತು ನಿಮಿಷದ್ದು. ಡಕಾರ್‌ನ ಕುದುರೆಗಾಡಿಯವನೊಬ್ಬ ಗಾಡಿಗಳಿಗೆ ಪ್ರವೇಶವಿಲ್ಲದ ಸಿರಿವಂತರ ಬಡಾವಣೆಗೆ ಹೋಗುತ್ತಾನೆ, ಪೊಲೀಸ್ ಗಾಡಿ ಕಿತ್ತುಕೊಳ್ಳುತ್ತಾನೆ. ಸೈಕಲ್ಲಿನ ಜಾಗದಲ್ಲಿ ಗಾಡಿ ಬಂತು. ಆದರೆ ಕಿತ್ತುಕೊಂಡವನು ಇನ್ನೊಬ್ಬ ಬಡವನಲ್ಲ, ಹೊಸ ಸರ್ಕಾರದ ಸಮವಸ್ತ್ರ.

ಹೊಸಬರಿಗೆ ಸೆಂಬೆನ್ ಚಿತ್ರಗಳಲ್ಲಿ ಮೊದಲು ನೋಡಬೇಕಾದದ್ದು 1968ರ 'ಮಂದಾಬಿ', ಅಂದರೆ ಮನಿಯಾರ್ಡರ್. ಬಣ್ಣದ ಚಿತ್ರ, ನಗುವೂ ಧಾರಾಳ. ಇಬ್ರಾಹಿಮ ಡಿಯೆಂಗ್ ಇಬ್ಬರು ಹೆಂಡಿರ, ಹಲವು ಮಕ್ಕಳ, ಕೆಲಸವಿಲ್ಲದ, ಠೀವಿಗೆ ಮಾತ್ರ ಕೊರತೆಯಿಲ್ಲದ ಯಜಮಾನ. ಪ್ಯಾರಿಸ್ಸಿನಲ್ಲಿ ಬೀದಿ ಗುಡಿಸುವ ಅಕ್ಕನ ಮಗ ಅವನ ಹೆಸರಿಗೆ 25,000 ಫ್ರಾಂಕ್ ಮನಿಯಾರ್ಡರ್ ಕಳಿಸುತ್ತಾನೆ. ಅದರಲ್ಲಿ 20,000 ತನಗಾಗಿ ಎತ್ತಿಡಲು, 3,000 ಅಮ್ಮನಿಗೆ, 2,000 ಮಾವನಿಗೆ. ಅಂದರೆ ಡಿಯೆಂಗನ ಪಾಲು ಹನ್ನೆರಡರಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೆ ಸುದ್ದಿ ಕೇರಿಗೆ ಹಬ್ಬುವುದು 25,000 ಎಂದೇ. ಅಂಗಡಿಯವನು ಅಕ್ಕಿ ಸಾಲ ಕೊಡುತ್ತಾನೆ, ನೆರೆಯವರು ಸಾಲ ಕೇಳಲು ಬರುತ್ತಾರೆ, ಹಣ ಬರುವ ಮೊದಲೇ ಅದು ಖರ್ಚಾಗಿ ಹೋಗಿರುತ್ತದೆ.

ಈಗ ಮತ್ತೆ ಬಾಗಿಲುಗಳ ಪಟ್ಟಿ ಮಾಡಿ. ಅಂಚೆ ಕಚೇರಿಯಲ್ಲಿ ಪತ್ರ ಓದಿಹೇಳುವವನಿಗೆ ಶುಲ್ಕ ಕೊಡಬೇಕು. ಹಣ ಪಡೆಯಲು ಗುರುತಿನ ಚೀಟಿ ಬೇಕು. ಗುರುತಿನ ಚೀಟಿಗೆ ಜನನ ಪ್ರಮಾಣಪತ್ರ ಬೇಕು, ಫೋಟೋ ಬೇಕು, ಸ್ಟಾಂಪು ಬೇಕು. ಜನನ ಪ್ರಮಾಣಪತ್ರಕ್ಕೆ ಹುಟ್ಟಿದ ದಿನ ಗೊತ್ತಿರಬೇಕು. ಅವನಿಗೆ ಗೊತ್ತಿರುವುದು ಸುಮಾರು ಯಾವ ಕಾಲ ಎಂಬುದಷ್ಟೇ. ಫೋಟೋದವನು ದುಡ್ಡು ತಗೊಂಡು ಫೋಟೋ ಕೊಡುವುದಿಲ್ಲ, ಜಗಳವಾಗಿ ಡಿಯೆಂಗನ ಮೂಗಲ್ಲಿ ರಕ್ತ. ಇಷ್ಟರ ನಡುವೆ ಅಕ್ಕ ತನ್ನ ಪಾಲು ಕೇಳಲು ಹಳ್ಳಿಯಿಂದ ಬಂದು ಕೂರುತ್ತಾಳೆ. ರೋಮ್‌ನಲ್ಲಿ ಒಂದು ಬಾಗಿಲು ಮುಚ್ಚಿದರೆ ಇನ್ನೊಂದಕ್ಕೆ ಹೋಗಬಹುದಿತ್ತು. ಇಲ್ಲಿ ಒಂದು ಬಾಗಿಲು ತೆಗೆಯಲು ಇನ್ನೊಂದರ ಕೀಲಿ ಬೇಕು, ಆ ಕೀಲಿ ಮೂರನೆಯದರ ಒಳಗಿದೆ. ಊರಿನಿಂದ ಬಂದು ಬಾಡಿಗೆ ಕರಾರಿಗೆ ಆಧಾರ್, ಆಧಾರ್ ವಿಳಾಸಕ್ಕೆ ಬಾಡಿಗೆ ಕರಾರು ಎಂದು ಸುತ್ತಿದವರಿಗೆ ಈ ಚಿತ್ರಕ್ಕೆ ಸಬ್‌ಟೈಟಲ್ಲೇ ಬೇಡ.

ಕೊನೆಗೆ ಫ್ರೆಂಚ್ ಬಲ್ಲ, ಸೂಟು ತೊಟ್ಟ ಬಂಧುವೊಬ್ಬ ಸಹಾಯಕ್ಕೆ ಬಂದು, ಹಣ ಪಡೆಯುವ ಅಧಿಕಾರಪತ್ರಕ್ಕೆ ಒಪ್ಪಿಗೆ ಪಡೆಯುತ್ತಾನೆ. ಮುಂದೇನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಮೋಸ ಹೋದ ಡಿಯೆಂಗ್ ಇನ್ನು ಮೇಲೆ ತಾನೂ ಅಂಥವನೇ ಆಗುತ್ತೇನೆ ಎಂಬಂತೆ ಮಾತಾಡುತ್ತಾನೆ. ಆಗ ಅಂಚೆಯವನು ಹೇಳುವ ಮಾತು ಬೇರೆ: ಇದನ್ನು ನಾವು ಬದಲಾಯಿಸೋಣ. ಡಿ ಸಿಕಾ ಪ್ರೇಕ್ಷಕರನ್ನು ಆಂತೋನಿಯೊನ ಕಣ್ಣೀರಿನ ಬಳಿ ಬಿಟ್ಟು ಹೋಗುತ್ತಾರೆ, ಸೆಂಬೆನ್ ಅಲ್ಲಿಂದ ಒಂದು ಹೆಜ್ಜೆ ಮುಂದೆ ಕರೆಯುತ್ತಾರೆ. ಇದರಲ್ಲಿ ಯಾವುದು ಮೇಲು ಎಂಬ ವಾದ ಸಿನಿಮಾ ಚರ್ಚೆಗಳಲ್ಲಿ ಇನ್ನೂ ಮುಗಿದಿಲ್ಲ.

ಚಿತ್ರ ಹಾಕುವ ಮೊದಲು ಒಂದು ಎಚ್ಚರಿಕೆ. 'ಮಂದಾಬಿ'ಗೆ ಫ್ರೆಂಚ್ ಸರ್ಕಾರಿ ಸಂಸ್ಥೆಯ ಹಣವಿತ್ತು, ಹಾಗಾಗಿ ಫ್ರೆಂಚಿನಲ್ಲೂ ಒಂದು ಆವೃತ್ತಿ ತೆಗೆದರು. ಸೆಂಬೆನ್ ತೆಗೆಯಲು ಬಯಸಿದ್ದು ತಮ್ಮ ಜನರಾಡುವ ವೊಲೊಫ್ ಭಾಷೆಯ ಚಿತ್ರ. ನೀವು ನೋಡಬೇಕಾದದ್ದೂ ಅದೇ. ವೊಲೊಫ್ ಆವೃತ್ತಿಯಲ್ಲಿ ಮನೆಯ ಮಾತು, ಬೀದಿಯ ಮಾತು ಒಂದು ಭಾಷೆ, ಕಚೇರಿಯ ಮಾತು ಇನ್ನೊಂದು. ಭಾಷೆ ತಿಳಿಯದಿದ್ದರೂ ಕೌಂಟರಿನ ಹತ್ತಿರ ಧ್ವನಿ ಬದಲಾಗುವುದು ಕಿವಿಗೆ ಕೇಳುತ್ತದೆ. ಎಲ್ಲರೂ ಫ್ರೆಂಚ್ ಮಾತಾಡುವ ಆವೃತ್ತಿಯಲ್ಲಿ ಆ ಗೋಡೆಯೇ ಮಾಯವಾಗುತ್ತದೆ. ಯಾವುದೇ ಚಿತ್ರವನ್ನು ಡಬ್ಬಿಂಗಿನಲ್ಲಿ ನೋಡುವ ಬದಲು ಮೂಲ ಧ್ವನಿ ಮತ್ತು ಸಬ್‌ಟೈಟಲ್ಲಿನಲ್ಲಿ ನೋಡಿ ಎಂದು ಬಲ್ಲವರು ಹೇಳುವುದು ಇಂಥ ಕಾರಣಕ್ಕೆ.

ಕೋಕೆರ್, 1987

ಟೆಹರಾನಿನಲ್ಲಿ 1965ರಲ್ಲಿ ಮಕ್ಕಳಿಗಾಗಿ ಒಂದು ಸಂಸ್ಥೆ ಹುಟ್ಟಿತು. ಎಲ್ಲರೂ 'ಕಾನೂನ್' ಎಂದು ಕರೆಯುತ್ತಿದ್ದ ಅದು ಪುಸ್ತಕ ಪ್ರಕಟಿಸುತ್ತಿತ್ತು, ಗ್ರಂಥಾಲಯ ನಡೆಸುತ್ತಿತ್ತು. ಅದರ ಸಿನಿಮಾ ವಿಭಾಗ ಕಟ್ಟಲು ನೆರವಾದವರು ಅಬ್ಬಾಸ್ ಕಿಯಾರೊಸ್ತಮಿ. 1970ರ ಅವರ ಮೊದಲ ಕಿರುಚಿತ್ರದಲ್ಲಿ ರೊಟ್ಟಿ ಹಿಡಿದು ಮನೆಗೆ ಹೊರಟ ಹುಡುಗನಿಗೆ ಓಣಿಯಲ್ಲಿ ನಾಯಿ ಅಡ್ಡ ಬರುತ್ತದೆ. ಅಷ್ಟೇ ಕಥೆ. ಹರೆಯದಲ್ಲಿ ಇಟಲಿಯ ಚಿತ್ರಗಳನ್ನು ನೋಡಿ ಬೆಳೆದ ಕಿಯಾರೊಸ್ತಮಿ ಮುಂದೆ 1987ರಲ್ಲಿ ಮಾಡಿದ 'ಗೆಳೆಯನ ಮನೆ ಎಲ್ಲಿ?' ನಮ್ಮ ಮೂರನೇ ಚಿತ್ರ.

ಎಂಟು ವರ್ಷದ ಅಹ್ಮದ್ ಶಾಲೆಯಿಂದ ಬರುವಾಗ ತಪ್ಪಿ ಪಕ್ಕದಲ್ಲಿ ಕೂರುವ ಗೆಳೆಯನ ನೋಟ್‌ಬುಕ್ಕನ್ನೂ ತಂದುಬಿಟ್ಟಿದ್ದಾನೆ. ಎರಡರ ರಟ್ಟೂ ಒಂದೇ ಥರ. ಇನ್ನೊಮ್ಮೆ ನೋಟ್‌ಬುಕ್ಕಿನಲ್ಲಿ ಮನೆಕೆಲಸ ಬರೆದು ತರದಿದ್ದರೆ ಶಾಲೆಯಿಂದ ಹೊರಗೆ ಎಂದು ಮೇಷ್ಟ್ರು ಆ ಗೆಳೆಯನಿಗೆ ಎಚ್ಚರಿಸಿದ್ದಾರೆ. ಗೆಳೆಯನ ಮನೆ ಬೆಟ್ಟದಾಚೆಯ ಊರಿನಲ್ಲಿ, ಎಲ್ಲೆಂದು ಗೊತ್ತಿಲ್ಲ.

ಇಲ್ಲಿ ಮುಚ್ಚಿದ ಬಾಗಿಲುಗಳೆಂದರೆ ದೊಡ್ಡವರು. ಅಹ್ಮದ್ ಅಮ್ಮನಿಗೆ ವಿಷಯ ಹೇಳುತ್ತಾನೆ, ಅವಳು ಮನೆಕೆಲಸ ಬರೆ ಎನ್ನುತ್ತಾಳೆ, ಮಗುವನ್ನು ತೂಗು ಎನ್ನುತ್ತಾಳೆ, ರೊಟ್ಟಿ ತಾ ಎನ್ನುತ್ತಾಳೆ. ಅವನು ಮತ್ತೆ ಮತ್ತೆ ಅದೇ ಮಾತು ಹೇಳುತ್ತಾನೆ. ಅವಳು ಕೆಟ್ಟ ತಾಯಿಯಲ್ಲ, ಅವಳ ಕಿವಿಗೆ ಆ ಮಾತು ಬೀಳುತ್ತಲೇ ಇಲ್ಲ. ಅಜ್ಜ ಅವನನ್ನು ತಡೆದು ಸಿಗರೇಟು ತರಲು ಅಟ್ಟುತ್ತಾನೆ, ಸಿಗರೇಟು ಅವನ ಜೇಬಿನಲ್ಲೇ ಇದೆ. ಹುಡುಗ ಶಿಸ್ತು ಕಲಿಯಲಿ ಎಂದು ಹೀಗೆ ಮಾಡಿದೆ ಎಂದು ಪಕ್ಕದವನಿಗೆ ಹೆಮ್ಮೆಯಿಂದ ಹೇಳುತ್ತಾನೆ. ತನ್ನ ಅಪ್ಪ ಕೊಡುತ್ತಿದ್ದ ಚಿಲ್ಲರೆ ಕಾಸು ಮರೆಯುತ್ತಿದ್ದರೂ ಹೊಡೆತ ಕೊಡುವುದನ್ನು ಎಂದೂ ಮರೆಯುತ್ತಿರಲಿಲ್ಲ ಎನ್ನುತ್ತಾನೆ. 1979ರ ಕ್ರಾಂತಿಯ ನಂತರದ ಇರಾನಿನಲ್ಲಿ ದೊಡ್ಡವರ ಬದುಕನ್ನು ತೆರೆಯ ಮೇಲೆ ತರಲು ನೂರು ನಿರ್ಬಂಧಗಳಿದ್ದವು. ಆಜ್ಞೆ ಮತ್ತು ವಿಧೇಯತೆಯ ಬಗ್ಗೆ ಮಕ್ಕಳ ಚಿತ್ರದೊಳಗೆ ಹೇಳಬಹುದಾದಷ್ಟನ್ನು ಬೇರೆ ಕಡೆ ಹೇಳುವುದು ಸುಲಭವಿರಲಿಲ್ಲ. ಅಜ್ಜನ ಮಾತು ಕೇಳುವಾಗ ಇದು ನೆನಪಿರಲಿ.

ರಾತ್ರಿ ಹೊತ್ತಿಗೆ ಅಹ್ಮದನ ಮಾತು ಕೇಳಿಸಿಕೊಳ್ಳುವ ಒಬ್ಬರು ಸಿಗುತ್ತಾರೆ. ಊರಿನ ಮನೆಗಳಿಗೆ ಮರದ ಬಾಗಿಲು, ಕಿಟಕಿ ಮಾಡಿದ ಮುದುಕ. ಈಗ ಜನ ಅವನ್ನು ಕಿತ್ತು ಕಬ್ಬಿಣದ ಬಾಗಿಲು ಹಾಕಿಸುತ್ತಿದ್ದಾರೆ. ಅವನ ನಡಿಗೆ ನಿಧಾನ, ಹುಡುಗನಿಗೆ ಅವಸರ. ಹೊಸ ಪ್ರೇಕ್ಷಕರು ಸಾಮಾನ್ಯವಾಗಿ ಫೋನು ಕೈಗೆತ್ತಿಕೊಳ್ಳುವುದು ಈ ಹತ್ತು ನಿಮಿಷದಲ್ಲಿ. ಆದರೆ ಚಿತ್ರ ಇಲ್ಲಿ ಪ್ರೇಕ್ಷಕರನ್ನು ಅಹ್ಮದನ ಚಡಪಡಿಕೆಯೊಳಗೇ ಕೂರಿಸಿದೆ. ನಮಗಾಗುವ ಅಸಹನೆ ಅವನದೇ ಅಸಹನೆ. ವೇಗ ಹೆಚ್ಚಿಸಿ ನೋಡಿದರೆ ಮುದುಕ ಮಾಯವಾಗುತ್ತಾನೆ, ಜೊತೆಗೆ ಕೊನೆಯ ದೃಶ್ಯದಲ್ಲಿ ನೋಟ್‌ಬುಕ್ಕಿನ ಹಾಳೆಗಳ ನಡುವೆ ಕಾಣುವ ಪುಟ್ಟ ಹೂವಿನ ಅರ್ಥವೂ.

ಎರಡು ಊರುಗಳ ನಡುವಿನ ಬೆಟ್ಟದ ಮೇಲೆ, ಒಂಟಿ ಮರದ ಕಡೆಗೆ ಅಂಕುಡೊಂಕಾಗಿ ಏರುವ ಕಾಲುದಾರಿ ಈ ಚಿತ್ರದ ಗುರುತಾಗಿಬಿಟ್ಟಿದೆ. ಅದು ಅಲ್ಲಿ ಮೊದಲೇ ಇದ್ದ ದಾರಿಯಲ್ಲ, ಚಿತ್ರಕ್ಕಾಗಿ ಮಾಡಿಸಿದ್ದು. ರೋಮ್‌ನ ಪೈಪಿನ ಮಳೆಯ ಹಾಗೆಯೇ. 1990ರಲ್ಲಿ ಆ ಪ್ರದೇಶದಲ್ಲಿ ಭೀಕರ ಭೂಕಂಪವಾಯಿತು. ನಟಿಸಿದ್ದ ಮಕ್ಕಳು ಬದುಕಿದ್ದಾರೆಯೇ ಎಂದು ಹುಡುಕಿಹೋದ ಕಿಯಾರೊಸ್ತಮಿ ಆ ಹುಡುಕಾಟವನ್ನೇ ಮುಂದೆ 'ಮತ್ತು ಬದುಕು ಸಾಗುತ್ತದೆ' (1992) ಎಂಬ ಚಿತ್ರವಾಗಿಸಿದರು. ಇದು ಇಷ್ಟವಾದರೆ ಅದನ್ನು ನೋಡಿ.

ರಿಯೊ, 1998

ದಕ್ಷಿಣ ಅಮೆರಿಕಕ್ಕೆ ಇಟಲಿಯ ದಾರಿ ನೇರವಾಗಿ, ವಿದ್ಯಾರ್ಥಿಗಳ ಮೂಲಕ ಹೋಯಿತು. ಅರ್ಜೆಂಟೀನಾದ ಫೆರ್ನಾಂದೊ ಬಿರ್ರಿ 1950ರ ದಶಕದ ಆರಂಭದಲ್ಲಿ ರೋಮ್‌ನ ಸಿನಿಮಾ ಶಾಲೆಯಲ್ಲಿ ಕಲಿತು, ಊರಿಗೆ ಮರಳಿ ಸಾಂತಾ ಫೆಯಲ್ಲಿ ತಮ್ಮದೇ ಶಾಲೆ ತೆರೆದರು. ಬ್ರೆಜಿಲ್‌ನಲ್ಲಿ ನೆಲ್ಸನ್ ಪೆರೇರಾ ದೋಸ್ ಸಾಂತೋಸ್ 1955ರಲ್ಲಿ ರಿಯೊದ ಕೊಳೆಗೇರಿಯ ಹುಡುಗರನ್ನು ಹಿಂಬಾಲಿಸಿ ಚಿತ್ರ ತೆಗೆದಾಗ ಪೊಲೀಸರು ಅದನ್ನು ಮೊದಲು ತಡೆದರು. 1963ರಲ್ಲಿ ಅವರು ಬ್ರೆಜಿಲ್‌ನ ಈಶಾನ್ಯದ ಬರಗಾಡಿಗೆ ಹೋಗಿ, ಬರದಿಂದ ಗುಳೆ ಹೊರಟ ಕುಟುಂಬದ ಬಗ್ಗೆ 'ವಿದಾಸ್ ಸೆಕಾಸ್' ತೆಗೆದರು.

ಇವು ಎರಡನೇ ಸುತ್ತಿಗಿರಲಿ. ಮೊದಲ ಸುತ್ತಿಗೆ ವಾಲ್ಟರ್ ಸಾಲೆಸ್ ಅವರ 'ಸೆಂಟ್ರಲ್ ಸ್ಟೇಷನ್' ಸಾಕು. ಬರಗಾಡಿನಿಂದ ರಿಯೊಗೆ ಬಂದವರ ಮಕ್ಕಳ ಕಾಲದ ಕಥೆ ಇದು. ನಿವೃತ್ತ ಶಿಕ್ಷಕಿ ಡೋರಾ ರೈಲು ನಿಲ್ದಾಣದಲ್ಲಿ ಮೇಜು ಹಾಕಿಕೊಂಡು ಅಕ್ಷರ ಬಾರದವರ ಪತ್ರ ಬರೆದುಕೊಡುತ್ತಾಳೆ. ಮುಂಬೈ ಜಿಪಿಒ ಎದುರು ಪತ್ರ, ಫಾರಂ ಬರೆದುಕೊಡಲು ಕೂರುತ್ತಿದ್ದವರನ್ನು ಕಂಡವರಿಗೆ ಈ ಮೇಜು ಹೊಸದಲ್ಲ. ಒಂದೇ ವ್ಯತ್ಯಾಸ: ಡೋರಾ ದುಡ್ಡು ತೆಗೆದುಕೊಳ್ಳುತ್ತಾಳೆ, ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಕೆಲವನ್ನು ಹರಿದೆಸೆಯುತ್ತಾಳೆ, ಕೆಲವು ಮನೆಯ ಡ್ರಾಯರಿನಲ್ಲಿ ಬಿದ್ದಿವೆ. ಗಂಡನಿಗೆ ಪತ್ರ ಬರೆಸಿದ ಹೆಂಗಸೊಬ್ಬಳು ನಿಲ್ದಾಣದೆದುರು ಬಸ್ಸಿಗೆ ಸಿಕ್ಕಿ ಸಾಯುತ್ತಾಳೆ, ಅವಳ ಮಗ ಜೋಸುವೆ ಒಂಟಿಯಾಗುತ್ತಾನೆ. ಆ ಪತ್ರ ಹೋಗಬೇಕಾಗಿದ್ದ ವಿಳಾಸಕ್ಕೆ ಹುಡುಗನನ್ನೇ ಕರೆದುಕೊಂಡು ಡೋರಾ ಹೊರಡುತ್ತಾಳೆ. ಅದಕ್ಕೆ ಮೊದಲು ಅವಳು ಅವನಿಗೆ ಮಾಡುವ ಅನ್ಯಾಯವೂ ಇದೆ. ಅದು ಅವಳನ್ನು ಸುಲಭಕ್ಕೆ ಒಳ್ಳೆಯವಳಾಗಲು ಬಿಡುವುದಿಲ್ಲ.

ಡೋರಾ ಪಾತ್ರದ ಫೆರ್ನಾಂದಾ ಮೊಂತೆನೆಗ್ರೊ ಬ್ರೆಜಿಲ್‌ನ ದೊಡ್ಡ ನಟಿ. ಹುಡುಗ ವಿನಿಸಿಯುಸ್ ಜಿ ಒಲಿವೇರಾ ವಿಮಾನ ನಿಲ್ದಾಣದಲ್ಲಿ ಬೂಟು ಪಾಲಿಶ್ ಮಾಡುತ್ತಿದ್ದವನು. ಚಿತ್ರೀಕರಣಕ್ಕೆಂದು ನಿಲ್ದಾಣದಲ್ಲಿ ಹಾಕಿದ್ದ ಮೇಜಿಗೆ ದಾರಿಹೋಕರು ಬಂದು ನಿಜವಾಗಿಯೇ ಪತ್ರ ಹೇಳಿ ಬರೆಸಿದರು. ಚಿತ್ರದ ಆರಂಭದಲ್ಲಿ ಕ್ಯಾಮೆರಾ ಎದುರು ಮಾತಾಡುವ ಮುಖಗಳಲ್ಲಿ ನಟರಲ್ಲದವರು ಯಾರು, ಅದು ಹೇಗೆ ಗೊತ್ತಾಗುತ್ತದೆ ಎಂದು ನೋಡಿ.

ನಾಲ್ಕರಲ್ಲಿ ಕಣ್ಣೀರು ತರಿಸುವುದರಲ್ಲಿ ಮುಂದಿರುವ ಚಿತ್ರ ಇದೇ. ಹಾಗೆಯೇ ಇದರ ಮೇಲೊಂದು ಗಂಭೀರ ಆಕ್ಷೇಪವೂ ಇದೆ. 1965ರಲ್ಲಿ ಬ್ರೆಜಿಲ್‌ನ ನಿರ್ದೇಶಕ ಗ್ಲೌಬರ್ ರೋಶಾ 'ಹಸಿವಿನ ಸೌಂದರ್ಯಶಾಸ್ತ್ರ' ಎಂಬ ಪ್ರಣಾಳಿಕೆ ಬರೆದರು. ಹಸಿವಿನ ಚಿತ್ರ ನೋಡುವವರನ್ನು ಕಂಗೆಡಿಸಬೇಕು, ಅದು ನೋಡಲು ಹಿತವಾಗಿರಬಾರದು ಎಂಬುದು ಅದರ ಧ್ವನಿ. ವಿಮರ್ಶಕಿ ಇವಾನಾ ಬೆಂಟೆಸ್ ಆ ಮಾತನ್ನೇ ತಿರುಗಿಸಿ ಸಾಲೆಸ್ ಮೊದಲಾದವರ ಹೊಸ ಚಿತ್ರಗಳನ್ನು 'ಹಸಿವಿನ ಪ್ರಸಾಧನ' ಎಂದರು. ಬರಗಾಡಿಗೆ ಬಣ್ಣ ಹಚ್ಚಿ ಚೆಂದ ಕಾಣಿಸಿದಿರಿ ಎಂಬ ಆರೋಪ. 'ಸೆಂಟ್ರಲ್ ಸ್ಟೇಷನ್' ನೋಡಿದ ಮೇಲೆ ಒಂದು ವಾರ ಬಿಟ್ಟು ಕಪ್ಪುಬಿಳುಪಿನ 'ವಿದಾಸ್ ಸೆಕಾಸ್' ನೋಡಿ. ಅದರಲ್ಲಿ ಬಿಸಿಲು ಕಣ್ಣು ಚುಚ್ಚುವಷ್ಟು ಬೆಳ್ಳಗಿದೆ. ಅದೇ ನೆಲ, ಎರಡು ಬೆಳಕು. ಬೆಂಟೆಸ್ ಮಾತು ಎಷ್ಟು ಸರಿ ಎಂದು ಆಗ ನೀವೇ ಹೇಳಬಲ್ಲಿರಿ. ನನಗೆ ಅನ್ನಿಸುವುದು ಇಷ್ಟು: ಬೆಳಕಿನ ವಿಷಯದಲ್ಲಿ ಅವರ ಮಾತಿನಲ್ಲಿ ಸತ್ಯವಿದೆ, ಆದರೆ ಹರಿದೆಸೆದ ಪತ್ರಗಳ ವಿಷಯದಲ್ಲಿ ಚಿತ್ರ ಯಾವುದಕ್ಕೂ ಬಣ್ಣ ಹಚ್ಚಿಲ್ಲ.

ಐದನೆಯದು

ಈ ನಾಲ್ಕನ್ನೂ ತೆರೆಗೆ ಬಂದ ಕ್ರಮದಲ್ಲೇ, ವಾರಕ್ಕೊಂದರಂತೆ ನೋಡಿದರೆ ಒಂದು ತಿಂಗಳು. ಹಾಗೆ ನೋಡಿದವರಿಗೆ ಒಂದು ಬದಲಾವಣೆ ಕಾಣುತ್ತದೆ. ರೋಮ್‌ನಲ್ಲಿ ವಸ್ತು ಕಳೆದುಹೋಗುತ್ತದೆ, ಡಕಾರ್‌ನಲ್ಲಿ ಬಂದ ವಸ್ತು ಕೈಗೆ ಸಿಗುವುದಿಲ್ಲ. ಇರಾನಿನಲ್ಲಿ, ಬ್ರೆಜಿಲ್‌ನಲ್ಲಿ ಪಾತ್ರಗಳು ಹುಡುಕುವುದು ತಮಗಾಗಿ ಅಲ್ಲ, ಇನ್ನೊಬ್ಬರದನ್ನು ಇನ್ನೊಬ್ಬರಿಗೆ ತಲುಪಿಸಲು. ಮುಚ್ಚಿದ ಬಾಗಿಲುಗಳು ಹಾಗೆಯೇ ಇವೆ, ಬಾಗಿಲು ಬಡಿಯುವವರ ಕಾರಣ ಬೇರೆಯಾಗಿದೆ.

ಇದಾದ ಮೇಲೆ ಐದನೆಯದಾಗಿ ನಮ್ಮ ಭಾಷೆಯದೇ ಒಂದು ಚಿತ್ರ ನೋಡಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರು 1977ರಲ್ಲಿ, ಯು.ಆರ್. ಅನಂತಮೂರ್ತಿಯವರ ಕಥೆಯಿಂದ ಮಾಡಿದ 'ಘಟಶ್ರಾದ್ಧ'. ಅದನ್ನು ರಿಪೇರಿ ಮಾಡಿ ಹೊಸದಾಗಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಹಳೆಯ ಮೇರುಕೃತಿಗಳ ವಿಭಾಗದಲ್ಲಿ ತೆರೆ ಕಂಡಿತು. ವೇದಪಾಠಕ್ಕೆ ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ ವಿಧವೆ ಯಮುನಕ್ಕನ ಕಥೆ ಅಲ್ಲಿ ನಡೆಯುತ್ತದೆ. ಸಬ್‌ಟೈಟಲ್ ಓದುವ ಅಗತ್ಯವಿಲ್ಲ. ಆ ಬಾಗಿಲುಗಳ ಹಾಳೆಯನ್ನು ಮತ್ತೆ ತೆಗೆದುಕೊಂಡು, ಯಮುನಕ್ಕನ ಪಾಲಿಗೆ ಊರಿನ ಯಾವ ಬಾಗಿಲು ಯಾವಾಗ ಮುಚ್ಚಿತು ಎಂದು ಬರೆಯುತ್ತ ಹೋಗಿ. ಕೊನೆಗೆ ಅವಳ ಕಡೆಗೆ ಉಳಿಯುವುದು ಆ ಹುಡುಗ ಒಬ್ಬನೇ. ಅವನ ನಡಿಗೆಯನ್ನು ಬ್ರೂನೋನ ನಡಿಗೆಯ ಪಕ್ಕದಲ್ಲಿಟ್ಟು ನೋಡಿ.